ಒಂದು ಸಲಕ್ಕೆ ಎಷ್ಟು ಬಾಕ್ಸ್ ತರಿಸಬೇಕು?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಊದುಬತ್ತಿ ಮಾಡುವ ಒಂದು ಸಣ್ಣ ಘಟಕದ ಲೆಕ್ಕ ನಾನು ನೋಡುತ್ತೇನೆ. ಅಲ್ಲಿಗೆ ವರ್ಷಕ್ಕೆ 24,000 ರಟ್ಟಿನ ಬಾಕ್ಸ್ ಬೇಕು, ಒಂದಕ್ಕೆ 30 ರೂಪಾಯಿ. ಒಂದು ಸಲಕ್ಕೆ ಎಷ್ಟು ತರಿಸಬೇಕು ಅನ್ನೋದು ಮಾಲೀಕರ ಪ್ರಶ್ನೆ. ಇದಕ್ಕೆ ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ 1913ರಲ್ಲೇ ಕೊಟ್ಟ ಸೂತ್ರ ಇದೆ. ಇಒಕ್ಯೂ, ಅಂದರೆ ಒಟ್ಟು ಖರ್ಚು ಅತಿ ಕಡಿಮೆ ಆಗುವ ಆರ್ಡರ್ ಪ್ರಮಾಣ, ಅಂತ ಕರೆಯುವುದು ಅದನ್ನೇ:

Q = √(2DS/H)

Q ಅಂದರೆ ಒಂದು ಸಲಕ್ಕೆ ತರಿಸಬೇಕಾದ ಬಾಕ್ಸ್. D ಅಂದರೆ ವರ್ಷದ ಬೇಡಿಕೆ. S ಅಂದರೆ ಒಂದು ಆರ್ಡರ್‌ಗೆ ತಗಲುವ ಖರ್ಚು. H ಅಂದರೆ ಒಂದು ಬಾಕ್ಸನ್ನು ಒಂದು ವರ್ಷ ಇಟ್ಟುಕೊಳ್ಳುವ ಖರ್ಚು.

ಸೂತ್ರಕ್ಕೆ ಹಾಕುವ ಅಂಕಿಗಳನ್ನು ಹುಡುಕುವುದೇ ಕಷ್ಟದ ಕೆಲಸ. S ಲೆಕ್ಕಕ್ಕೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಈ ಆರ್ಡರ್ ಹಾಕದೇ ಇದ್ದರೆ ಯಾವ ದುಡ್ಡು ಉಳಿಯುತ್ತಿತ್ತು? ಟೆಂಪೋ ಬಾಡಿಗೆ 800, ಇಳಿಸುವ ಕೂಲಿ 225, ಎಣಿಸಿ ನೋಡುವುದಕ್ಕೆ ಮತ್ತು ಚಿಲ್ಲರೆ ಖರ್ಚಿಗೆ 100. ಒಟ್ಟು 1,125 ರೂಪಾಯಿ. ಆರ್ಡರ್ ಇರಲಿ ಬಿಡಲಿ, ಗುಮಾಸ್ತರ ಸಂಬಳ ಕೊಡಲೇಬೇಕು. ಹಾಗಾಗಿ ಅದು ಇಲ್ಲಿ ಬರಬಾರದು.

H ಕೂಡ ಹಾಗೆಯೇ. ಬಾಕ್ಸಿಗೆ ಹಾಕಿದ ದುಡ್ಡಿಗೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಖಾತೆಯಲ್ಲಿ ಶೇ. 12 ಬಡ್ಡಿ. ತೇವ ಹಿಡಿದು, ಇಲಿ ಕಡಿದು, ಮೂಲೆ ಮಡಿಸಿ ಹಾಳಾಗುವುದಕ್ಕೆ ಮತ್ತು ವಿಮೆಗೆ ಶೇ. 8. ಎರಡೂ ಸೇರಿ 30 ರೂಪಾಯಿಯ ಶೇ. 20, ಅಂದರೆ ಬಾಕ್ಸಿಗೆ ವರ್ಷಕ್ಕೆ 6 ರೂಪಾಯಿ. ಗೋಡೌನ್ ಬಾಡಿಗೆ ಸೇರಿಸಿಲ್ಲ, ಯಾಕಂದ್ರೆ ಆ ಜಾಗ ಹೇಗೂ ಇದೆ.

ಈಗ ಲೆಕ್ಕ ಸುಲಭ. 2 × 24,000 × 1,125 ÷ 6 = 90,00,000. ಅದರ ವರ್ಗಮೂಲ 3,000. ವರ್ಷಕ್ಕೆ 8 ಆರ್ಡರ್, ಅದಕ್ಕೆ 9,000 ರೂಪಾಯಿ. ಗೋಡೌನಿನಲ್ಲಿ ಸರಾಸರಿ 1,500 ಬಾಕ್ಸ್, ಅದಕ್ಕೂ 9,000. ಒಟ್ಟು 18,000.

ಈ 3,000ಕ್ಕೇ ಅಂಟಿಕೊಳ್ಳಬೇಕಾಗಿಲ್ಲ. 4,000 ತರಿಸಿದರೆ ಒಟ್ಟು ಖರ್ಚು 18,750, ಜಾಸ್ತಿ ಆಗುವುದು ವರ್ಷಕ್ಕೆ 750 ಅಷ್ಟೇ. ಟೆಂಪೋ ತುಂಬುವುದು 3,400ಕ್ಕೆ ಅಂದರೆ 3,400 ತರಿಸಿ. ಆದರೆ S ಅನ್ನೇ ತಪ್ಪು ಹಿಡಿದರೆ ಪೆಟ್ಟು ಬೀಳುತ್ತದೆ. ಸಂಬಳದ ಪಾಲು ಸೇರಿಸಿ S ಅನ್ನು 4,500 ಮಾಡಿದರೆ ಉತ್ತರ 6,000 ಬರುತ್ತದೆ. ಆಗ ನಿಜವಾಗಿ ಕೈಯಿಂದ ಹೋಗುವ ಖರ್ಚು 22,500.

ಇನ್ನು ಸೂತ್ರ ಕೈಕೊಡುವ ಜಾಗಕ್ಕೆ ಬರೋಣ. ಬಾಕ್ಸ್ ಮಾರುವವರು, "ಒಟ್ಟಿಗೆ 6,000 ತಗೊಳ್ಳಿ ಸಾರ್, ಬಾಕ್ಸಿಗೆ ಐವತ್ತು ಪೈಸೆ ಬಿಡ್ತೀನಿ" ಅಂದರು. ಸೂತ್ರದಲ್ಲಿ ಬೆಲೆ ಯಾವತ್ತೂ ಒಂದೇ, ಹಾಗಾಗಿ ಈ ರಿಯಾಯಿತಿ ಅದಕ್ಕೆ ಕಾಣುವುದೇ ಇಲ್ಲ. ಒಟ್ಟು ಖರ್ಚನ್ನು ಬೇರೆ ಬರೆದು ನೋಡಬೇಕು. ರಿಯಾಯಿತಿಯಿಂದ ವರ್ಷಕ್ಕೆ 12,000 ಉಳಿತಾಯ. ಬೆಲೆ ಇಳಿದದ್ದರಿಂದ H ಕೂಡ 5.90 ಆಗುತ್ತದೆ, ಹಾಗಾಗಿ ಆರ್ಡರ್ ಮತ್ತು ಸ್ಟಾಕಿನ ಖರ್ಚು 18,000ದಿಂದ 22,200ಕ್ಕೆ, ಅಂದರೆ 4,200 ಏರುತ್ತದೆ. ನಿವ್ವಳ 7,800 ಲಾಭ, ತಗೊಳ್ಳಬಹುದು. ಆದರೆ 6,000 ಬಾಕ್ಸ್ ಈಗಿರುವ ಗೋಡೌನಿಗೆ ಹಿಡಿಸದೆ ತಿಂಗಳಿಗೆ 1,000 ರೂಪಾಯಿಯ ಇನ್ನೊಂದು ಕೋಣೆ ಹಿಡಿದರೆ? ಲಾಭ ಹೋಗಿ 4,200 ನಷ್ಟ. ಮುದ್ರಿಸಿದ ಬಾಕ್ಸ್ ಆದರೆ ಇನ್ನೂ ಹುಷಾರು. ಲೇಬಲ್ ಬದಲಾದ ದಿನ ಉಳಿದ ಬಾಕ್ಸ್ ರದ್ದಿಗೆ ಹೋಗುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಹಬ್ಬದ ಕಾಲದ್ದು. ಸೂತ್ರದ ಕಣ್ಣಿಗೆ 24,000 ಅಂದರೆ ತಿಂಗಳಿಗೆ ಸರಿಯಾಗಿ 2,000. ಈ ಘಟಕದಲ್ಲಿ ಆಗುವುದೇ ಬೇರೆ. ದಸರಾ, ದೀಪಾವಳಿಯ ಮಾಲಿಗಾಗಿ ಎರಡು ತಿಂಗಳು ತಲಾ 4,500 ಬಾಕ್ಸ್ ಬೇಕು, ಉಳಿದ ಹತ್ತು ತಿಂಗಳು ತಲಾ 1,500. ಮಾಮೂಲಿ ದಿನಗಳಲ್ಲಿ 500 ಬಾಕ್ಸ್ ಉಳಿದಾಗ ಆರ್ಡರ್ ಹಾಕಿದರೆ ಹತ್ತು ದಿನ ನಡೆಯುತ್ತದೆ. ಮಾಲು ಬರಲು ಎಂಟು ದಿನ ಸಾಕು. ಹಬ್ಬದ ತಿಂಗಳಲ್ಲಿ ಅದೇ 500 ಮೂರು ದಿನಕ್ಕೆ ಮುಗಿಯುತ್ತದೆ. ಉಳಿದ ಐದು ದಿನ ಬತ್ತಿ ಸಿದ್ಧ ಇದ್ದರೂ ತುಂಬಲು ಬಾಕ್ಸ್ ಇರುವುದಿಲ್ಲ, ಲಾರಿ ಕಾಯುತ್ತದೆ. ಎಷ್ಟು ತರಿಸಬೇಕು ಅಂತ ಸೂತ್ರ ಹೇಳುತ್ತದೆ, ಯಾವಾಗ ಅಂತ ಹೇಳುವುದಿಲ್ಲ.

ನಾನು ವರ್ಷವನ್ನು ಎರಡು ತುಂಡು ಮಾಡುತ್ತೇನೆ. ಹಬ್ಬದ ವೇಗದಲ್ಲೇ ವರ್ಷವಿಡೀ ನಡೆದಿದ್ದರೆ D 54,000 ಆಗುತ್ತಿತ್ತು, ಆಗ ಉತ್ತರ 4,500. ಮಾಮೂಲಿ ವೇಗಕ್ಕೆ D 18,000, ಉತ್ತರ ಸುಮಾರು 2,600. ಆರ್ಡರ್ ಹಾಕುವ ಮಟ್ಟವನ್ನೂ ಹಬ್ಬಕ್ಕೆ ಮುಂಚೆಯೇ ಏರಿಸಬೇಕು: ದಿನಕ್ಕೆ 150ರಂತೆ ಎಂಟು ದಿನಕ್ಕೆ 1,200, ಮೇಲೆ ಎರಡು ದಿನದ ಹೆಚ್ಚುವರಿ 300. ಒಟ್ಟು 1,500 ಉಳಿದಾಗಲೇ ಫೋನ್ ಮಾಡಬೇಕು.

ಹಬ್ಬದ ಕೊನೆಯ ಲೋಡಿಗೆ ಮಾತ್ರ ಸೂತ್ರ ಹಾಕಬೇಡಿ. ಕೈಯಲ್ಲಿರುವ ಆರ್ಡರ್‌ಗಳಿಗೆ ಎಷ್ಟು ಬಾಕ್ಸ್ ಬೇಕು ಅಂತ ಕೂಡಿಸಿ, ಗೋಡೌನಿನಲ್ಲಿರುವುದನ್ನು ಕಳೆದು, ಉಳಿದಷ್ಟನ್ನು ಮಾತ್ರ ತರಿಸಿ.