ಡಿಸ್ಟ್ರಿಬ್ಯೂಟರ್‌ಗೆ ಪತ್ರ: ನವಣೆಯ ಗುಣಗಾನ ಬೇಡ, ಸರಕು ಓಡುವ ಲೆಕ್ಕ ಕೊಡಿ

ಓದುಗರ ಪ್ರಶ್ನೆ: ನಾವು ಐದು ಜನ ಹೆಂಗಸರು ಸೇರಿ ಶಿರಾ ಹತ್ತಿರ ನವಣೆ ಚಕ್ಕುಲಿ, ರಾಗಿ ನಿಪ್ಪಟ್ಟು ಮಾಡುತ್ತಿದ್ದೇವೆ. ಲೈಸೆನ್ಸ್, ಪ್ಯಾಕಿಂಗ್ ಎಲ್ಲ ಆಗಿದೆ. ಇಲ್ಲಿಯವರೆಗೆ ನಾವೇ ಅಂಗಡಿಗಳಿಗೆ ಹಾಕುತ್ತಿದ್ದೆವು. ಈಗ ತುಮಕೂರಿನ ಮಂಡಿಪೇಟೆಯ ಡಿಸ್ಟ್ರಿಬ್ಯೂಟರ್ ಒಬ್ಬರಿಗೆ ಪತ್ರ ಬರೆಯಬೇಕು. ಎಷ್ಟು ಮಾರ್ಜಿನ್ ಅಂತ ಬರೆಯೋದು? ಸಾಲಕ್ಕೆ ಮಾಲು ಕೊಡಿ ಅಂದರೆ ಏನು ಹೇಳೋದು?

ಉತ್ತರ: ಇಂಥ ಪತ್ರಗಳಲ್ಲಿ ಮೊದಲ ಪುಟ ಪೂರ್ತಿ ಸಿರಿಧಾನ್ಯದ ಮಹಿಮೆಯೇ ಇರುತ್ತದೆ. ನಾರಿನಂಶ, ಸಕ್ಕರೆ ಕಾಯಿಲೆ, ಅಜ್ಜಿಯ ಕಾಲದ ಊಟ. ಡಿಸ್ಟ್ರಿಬ್ಯೂಟರ್ ಅದನ್ನು ಓದುವುದಿಲ್ಲ. ಅವರು ಹುಡುಕುವುದು ಒಂದೇ: ಈ ಮಾಲಿಗೆ ಹಾಕಿದ ದುಡ್ಡು ಎಷ್ಟು ದಿನಕ್ಕೆ ವಾಪಸ್ ಬರುತ್ತದೆ? ಪತ್ರ ಬರೆಯುವ ಮುಂಚೆ ಅವರ ಜಾಗದಲ್ಲಿ ಕೂತು ಈ ಲೆಕ್ಕ ಹಾಕಿ ನೋಡಿ.

150 ಗ್ರಾಂ ಚಕ್ಕುಲಿ ಪ್ಯಾಕೆಟ್‌ಗೆ ಎಂಆರ್‌ಪಿ 50 ರೂಪಾಯಿ ಅಂದುಕೊಳ್ಳೋಣ. ಅಂಗಡಿಯವರಿಗೆ 20 ಪರ್ಸೆಂಟ್, ಡಿಸ್ಟ್ರಿಬ್ಯೂಟರ್‌ಗೆ 10 ಪರ್ಸೆಂಟ್. ಇದು ಉದಾಹರಣೆಗೆ ಇಟ್ಟುಕೊಂಡ ದರ. ನಿಮ್ಮ ಕಡೆ ಎಷ್ಟು ನಡೆಯುತ್ತದೆ ಅಂತ ನೀವು ಮಾಲು ಹಾಕುವ ಅಂಗಡಿಯಲ್ಲೇ ಕೇಳಿ, ಹೇಳುತ್ತಾರೆ. ಅಂಗಡಿಗೆ 40 ರೂಪಾಯಿಗೆ ಹೋಗಬೇಕು, ಡಿಸ್ಟ್ರಿಬ್ಯೂಟರ್‌ಗೆ 36ಕ್ಕೆ. ಎರಡೂ ಜಿಎಸ್‌ಟಿ ಸೇರಿದ ಬೆಲೆ. ಪ್ಯಾಕ್ ಮಾಡಿ ಲೇಬಲ್ ಹಾಕಿದ ಕುರುಕಲು ತಿಂಡಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12 ಪರ್ಸೆಂಟ್‌ನಿಂದ 5ಕ್ಕೆ ಇಳಿದಿದೆ. ಅದನ್ನು ಕಳೆದರೆ ನಿಮ್ಮ ಕೈಗೆ ಬರುವುದು 34.29 ರೂಪಾಯಿ. ಅಷ್ಟರಲ್ಲಿ ಹಿಟ್ಟು, ಎಣ್ಣೆ, ಗ್ಯಾಸು, ಪೌಚು, ಕೂಲಿ, ಸಾಗಣೆ ಎಲ್ಲ ಕಳೆದು ಏನಾದರೂ ಉಳಿಯದಿದ್ದರೆ ಪತ್ರ ಬರೆಯಬೇಡಿ, ಮೊದಲು ಎಂಆರ್‌ಪಿ ಸರಿಮಾಡಿಕೊಳ್ಳಿ.

ಇಲ್ಲೊಂದು ಹಳ್ಳ ಇದೆ. ಸುಮ್ನೆ '20 ಮತ್ತು 10 ಪರ್ಸೆಂಟ್' ಅಂತ ಬರೆದರೆ ಯಾವುದರ ಮೇಲೆ ಅಂತ ಗೊತ್ತಾಗುವುದಿಲ್ಲ. ಮಾರುವ ಬೆಲೆಯ ಮೇಲೆ ಹಿಡಿದರೆ ನಿಮಗೆ 34.29. ಕೊಂಡ ಬೆಲೆಯ ಮೇಲೆ ಹಿಡಿದರೆ 36.08. ಪ್ಯಾಕೆಟ್‌ಗೆ ಒಂದೂ ಮುಕ್ಕಾಲು ರೂಪಾಯಿಯ ವ್ಯತ್ಯಾಸ! ನೀವು ಒಂದು ಅಂದುಕೊಂಡು ಅವರು ಇನ್ನೊಂದು ಅಂದುಕೊಂಡರೆ ಮೊದಲ ಬಿಲ್ಲಿನಲ್ಲೇ ಜಗಳ. ಅದಕ್ಕೇ ಪತ್ರದಲ್ಲಿ ಪರ್ಸೆಂಟ್ ಜೊತೆಗೆ ರೂಪಾಯಿಯನ್ನೂ ಬರೆಯಿರಿ.

ಈಗ ಅವರ ಲೆಕ್ಕ. ಬಾಕ್ಸಿಗೆ 40 ಪ್ಯಾಕೆಟ್, 10 ಬಾಕ್ಸ್ ತೆಗೆದುಕೊಂಡರೆ 14,400 ರೂಪಾಯಿ. ಜಿಎಸ್‌ಟಿ ಕಳೆದು ಅವರಿಗೆ ಪ್ಯಾಕೆಟ್‌ಗೆ ಸುಮಾರು 3.80, ಒಟ್ಟು 1,520 ರೂಪಾಯಿ ಸಿಗುತ್ತದೆ. ಲೈನ್‌ಗೆ ಹೋಗುವ ಹುಡುಗನ ಸಂಬಳ, ಗಾಡಿ, ಗೋಡೌನ್ ಅಂತ ಅರ್ಧ ಹೋಯಿತು ಅಂದುಕೊಳ್ಳಿ. ಉಳಿದಿದ್ದು 760. ಮಾಲು ಒಂದು ತಿಂಗಳಲ್ಲಿ ಖಾಲಿಯಾಗಿ ದುಡ್ಡು ಬಂದರೆ ತಿಂಗಳಿಗೆ ಐದು ಪರ್ಸೆಂಟ್‌ಗೂ ಸ್ವಲ್ಪ ಜಾಸ್ತಿ. ಒಳ್ಳೆಯ ವ್ಯಾಪಾರವೇ. ಅದೇ ಮಾಲು ಮೂರು ತಿಂಗಳು ಕೂತರೆ ತಿಂಗಳಿಗೆ ಎರಡೂ ಇಲ್ಲ. ನೀವು ಉದಾರವಾಗಿ ಮಾರ್ಜಿನ್ 12 ಪರ್ಸೆಂಟ್ ಮಾಡಿದರೂ ಆ ಎರಡು ಎರಡೂವರೆ ಆಗುತ್ತದೆ, ಅಷ್ಟೇ.

ಹಾಗಾಗಿ ಮಾರ್ಜಿನ್ ಏರಿಸುವುದಕ್ಕಿಂತ ಮಾಲು ಓಡುತ್ತದೆ ಅಂತ ತೋರಿಸುವುದು ಮುಖ್ಯ. ಅದಕ್ಕೆ ಇರುವ ಪುರಾವೆ ರಿಪೀಟ್ ಆರ್ಡರ್. ಮೊದಲ ಸಲ ಮುಖ ನೋಡಿ ಎಲ್ಲರೂ ಹಾಕಿಸಿಕೊಳ್ಳುತ್ತಾರೆ. ಎರಡನೇ ಸಲ ಅಂಗಡಿಯವರೇ ಫೋನ್ ಮಾಡಿದರೆ ಅದು ಮಾರಾಟ. ನೀವು ನಾವೇ ಹಾಕುತ್ತಿದ್ದೆವು ಅಂದಿದ್ದೀರಲ್ಲ, ಆ ಬಿಲ್ ಪುಸ್ತಕವೇ ನಿಮ್ಮ ಆಸ್ತಿ. ಎಷ್ಟು ಅಂಗಡಿಗೆ ಹಾಕಿದಿರಿ, ಎಷ್ಟು ಅಂಗಡಿ ಮತ್ತೆ ಕೇಳಿತು, ಎಷ್ಟು ದಿನಕ್ಕೆ? ತುಮಕೂರು ಊರಿನೊಳಗೆ ಇನ್ನೂ ಹಾಕಿಲ್ಲ ಅಂದರೆ ಮೊದಲು ಹತ್ತು ಹದಿನೈದು ಅಂಗಡಿಗೆ ಹಾಕಿ, ಒಂದು ತಿಂಗಳು ನೋಡಿ, ಆಮೇಲೆ ಪತ್ರ ಕೊಡಿ.

ಎರಡನೇ ಭಯ ಎಕ್ಸ್‌ಪೈರಿ. ಸಿರಿಧಾನ್ಯದ ತಿಂಡಿ ಅಂದ ಕೂಡಲೇ ಅನುಭವಸ್ಥರು ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ. ಸಜ್ಜೆಯಲ್ಲಿ ಕೊಬ್ಬಿನಂಶ ಜಾಸ್ತಿ. ಬೀಸಿದ ಹಿಟ್ಟು ಬೇಗ ಕಮಟು ವಾಸನೆ ಹಿಡಿಯುತ್ತದೆ. ರಾಗಿ ಇದರಲ್ಲಿ ವಾಸಿ. ಕರಿದ ತಿಂಡಿಗೆ ಎಣ್ಣೆಯ ಕಾಟ ಬೇರೆ. ಪ್ರತಿ ಬ್ಯಾಚ್‌ನಿಂದ ಒಂದಷ್ಟು ಪ್ಯಾಕೆಟ್ ಎತ್ತಿಟ್ಟು 30, 60, 75ನೇ ದಿನಕ್ಕೆ ಒಡೆದು ಮೂಸಿ, ತಿಂದು ನೋಡಿ. 75ಕ್ಕೆ ಕಮಟು ಬಂದರೆ ಲೇಬಲ್ ಮೇಲೆ 90 ದಿನ ಅಂತ ಹಾಕಬೇಡಿ. ಇನ್ನು ನವಣೆ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟು ಇಲ್ಲ. ಬರೀ ನವಣೆಯ ಚಕ್ಕುಲಿ ಗಾಡಿಯಲ್ಲಿ ಕುಲುಕಿ ಹೋಗುವಷ್ಟರಲ್ಲಿ ಮುರಿಯುತ್ತದೆ, ಪ್ಯಾಕೆಟ್ ತಳದಲ್ಲಿ ಪುಡಿ ಕಾಣುತ್ತದೆ. ಅಕ್ಕಿ, ಉದ್ದು, ಹುರಿಗಡಲೆ ಹಿಟ್ಟು ಸೇರಿಸುವುದು ಅದಕ್ಕೇ. ಸೇರಿಸಿ, ಆದರೆ ಮುಚ್ಚಿಡಬೇಡಿ. ಲೇಬಲ್ ಮೇಲೆ ನವಣೆ ಅಂತ ದೊಡ್ಡದಾಗಿ ಬರೆದರೆ ಅದು ಎಷ್ಟು ಪರ್ಸೆಂಟ್ ಇದೆ ಅಂತ ಹೇಳಬೇಕೆಂದು ಆಹಾರ ಲೇಬಲ್ ನಿಯಮವೇ ಹೇಳುತ್ತದೆ.

ಈಗ ಪತ್ರ. ಅಂಕಿಗಳು ಮಾದರಿಗೆ ಮಾತ್ರ, ನಿಮ್ಮವು ಹಾಕಿಕೊಳ್ಳಿ. ಒಂದೇ ಪುಟದಲ್ಲಿ ಮುಗಿಯಲಿ.

ವಿಷಯ: ನವಣೆ ಚಕ್ಕುಲಿ, ರಾಗಿ ನಿಪ್ಪಟ್ಟು – ತುಮಕೂರು ನಗರದ ಡಿಸ್ಟ್ರಿಬ್ಯೂಷನ್ ಬಗ್ಗೆ

ಮಾನ್ಯರೇ,

ನಾವು ಶಿರಾ ತಾಲೂಕಿನಲ್ಲಿ ........ ಹೆಸರಿನಲ್ಲಿ ಸಿರಿಧಾನ್ಯದ ಕುರುಕಲು ತಿಂಡಿ ತಯಾರಿಸುತ್ತೇವೆ. ಕಳೆದ ಎರಡು ತಿಂಗಳಲ್ಲಿ ತುಮಕೂರಿನ 15 ಅಂಗಡಿಗಳಿಗೆ ನಾವೇ ಮಾಲು ಹಾಕಿದ್ದೇವೆ. ಅದರಲ್ಲಿ 11 ಅಂಗಡಿಯವರು ನಾಲ್ಕು ವಾರದೊಳಗೆ ಮತ್ತೆ ತರಿಸಿಕೊಂಡಿದ್ದಾರೆ. ಅಂಗಡಿಗಳ ಪಟ್ಟಿ ಜೊತೆಗಿದೆ, ದಯವಿಟ್ಟು ವಿಚಾರಿಸಿ ನೋಡಿ. ಈ ಅಂಗಡಿಗಳನ್ನು ಇನ್ನು ಮುಂದೆ ತಮಗೇ ಬಿಟ್ಟುಕೊಡುತ್ತೇವೆ.

ಮಾಲು: 150 ಗ್ರಾಂ ಪೌಚ್, ಬಾಕ್ಸಿಗೆ 40. ಚಕ್ಕುಲಿಯಲ್ಲಿ ನವಣೆ 55 ಪರ್ಸೆಂಟ್. ಬಾಳಿಕೆ 90 ದಿನ. ತಯಾರಾದ 10 ದಿನದೊಳಗಿನ ಮಾಲನ್ನೇ ಕಳುಹಿಸುತ್ತೇವೆ.

ಬೆಲೆ: ಎಂಆರ್‌ಪಿ ರೂ. 50. ಅಂಗಡಿಗೆ ರೂ. 40. ತಮಗೆ ರೂ. 36 (ಎಲ್ಲವೂ ಜಿಎಸ್‌ಟಿ ಸೇರಿ). ಬಾಕ್ಸಿಗೆ ರೂ. 1,440, ತಮ್ಮ ಗೋಡೌನ್‌ವರೆಗೆ ಸಾಗಣೆ ನಮ್ಮದು.

ಪಾವತಿ: ಮೊದಲ ಆರ್ಡರ್ 10 ಬಾಕ್ಸ್, ಮಾಲು ತಲುಪಿದಾಗ ಅರ್ಧ, ಉಳಿದದ್ದು 21 ದಿನಕ್ಕೆ. ಮುಂದಿನ ಆರ್ಡರ್‌ಗಳಿಗೆ ಪೂರ್ತಿ ಮೊತ್ತಕ್ಕೆ 21 ದಿನ. ಹಳೆಯ ಬಿಲ್ ಮುಗಿದ ಮೇಲೆ ಹೊಸ ಮಾಲು.

ವಾಪಸ್: ಇಳಿಸುವಾಗ ಒಡೆದಿದ್ದರೆ ಅದೇ ದಿನ ತಿಳಿಸಿ, ಬದಲಿ ಕೊಡುತ್ತೇವೆ. ಎಕ್ಸ್‌ಪೈರಿಗೆ 20 ದಿನ ಇರುವಾಗಲೇ ತಿಳಿಸಿದ ಮಾಲನ್ನು ಒಟ್ಟು ಖರೀದಿಯ 2 ಪರ್ಸೆಂಟ್‌ವರೆಗೆ ವಾಪಸ್ ತೆಗೆದುಕೊಳ್ಳುತ್ತೇವೆ.

ಏರಿಯಾ: ಮೂರು ತಿಂಗಳು ತುಮಕೂರು ನಗರದಲ್ಲಿ ಬೇರೆ ಯಾರಿಗೂ ಕೊಡುವುದಿಲ್ಲ. ತಿಂಗಳಿಗೆ ಕನಿಷ್ಠ 20 ಬಾಕ್ಸ್ ಆದರೆ ಮುಂದುವರಿಸೋಣ.

ಎಫ್‌ಎಸ್‌ಎಸ್‌ಎಐ: ........ ಜಿಎಸ್‌ಟಿ: ........ ಉದ್ಯಮ್: ........

ಒಪ್ಪಿಗೆಯಾದರೆ ಇದರ ಒಂದು ಪ್ರತಿಗೆ ಸಹಿ, ಸೀಲು ಹಾಕಿ ಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ

ಉದ್ಯಮ್ ನಂಬರ್ ಮತ್ತು ಸಹಿಯ ಸಾಲುಗಳು ಸುಮ್ಮನೆ ಬಂದಿಲ್ಲ. ಉದ್ಯಮ್ ನೋಂದಣಿ ಇರುವ ಅತಿಸಣ್ಣ ಅಥವಾ ಸಣ್ಣ ತಯಾರಕರಿಗೆ ಬರವಣಿಗೆಯಲ್ಲಿ ಒಪ್ಪಿದ ಅವಧಿಯಲ್ಲಿ ದುಡ್ಡು ಕೊಡಬೇಕು, ಎಷ್ಟೇ ಒಪ್ಪಿಕೊಂಡರೂ 45 ದಿನ ಮೀರುವಂತಿಲ್ಲ. ಬರವಣಿಗೆ ಏನೂ ಇಲ್ಲದಿದ್ದರೆ 15 ದಿನ. ಇದು 2006ರ ಎಂಎಸ್‌ಎಂಇ ಕಾನೂನು. ಗಡುವು ದಾಟಿ ಬಾಕಿ ಉಳಿದ ಮೊತ್ತವನ್ನು ಕೊಳ್ಳುವವರು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲೇ ತೋರಿಸಬೇಕು. 2023-24ರ ಲೆಕ್ಕದಿಂದ ಆದಾಯ ತೆರಿಗೆಯಲ್ಲಿ ಈ ನಿಯಮ ಬಂದ ಮೇಲೆ ಅವರ ಆಡಿಟರ್‌ಗಳೇ ಮಾರ್ಚ್ ಹೊತ್ತಿಗೆ ಉದ್ಯಮ್ ನಂಬರ್ ಕೇಳುತ್ತಾರೆ. ಸಹಿ ಬಿದ್ದ ಪ್ರತಿಯೇ ನಿಮ್ಮ ಬರವಣಿಗೆಯ ಒಪ್ಪಂದ. ಪತ್ರದಲ್ಲಿ ಕಾನೂನಿನ ಮಾತು ಎತ್ತಬೇಡಿ. ವ್ಯಾಪಾರ ಶುರುವಾಗುವ ಮುಂಚೆಯೇ ಹೆದರಿಸಿದ ಹಾಗಾಗುತ್ತದೆ. ನಂಬರ್ ಇದ್ದರೆ ಸಾಕು, ಅರ್ಥವಾಗುವವರಿಗೆ ಆಗುತ್ತದೆ.

ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ಮಾತ್ರ ಬೆಲೆಯ ಲೆಕ್ಕವೇ ಬದಲಾಗುತ್ತದೆ. ಕೊಂಡಾಗಿನ ತೆರಿಗೆಯನ್ನು ಮುರಿದುಕೊಳ್ಳಲು ಅವರಿಗೆ ಇನ್‌ಪುಟ್ ಸಿಗುವುದಿಲ್ಲ, ಆದರೆ ಮಾರುವಾಗ ತೆರಿಗೆ ಕಟ್ಟಲೇಬೇಕು. 36ಕ್ಕೇ ಕೊಟ್ಟರೆ ಅವರಿಗೆ ಉಳಿಯುವುದು 3.80 ಅಲ್ಲ, 2.10. ನಂಬರ್ ಇಲ್ಲದವರಿಂದ ಅವರು ಮಾಲು ತೆಗೆದುಕೊಳ್ಳಲು ಹಿಂದೆಮುಂದೆ ನೋಡುವುದು ಇದಕ್ಕೇ.

'10 ಬಾಕ್ಸಿಗೆ ಒಂದು ಫ್ರೀ ಕೊಡಿ' ಅಂತ ಕೇಳಬಹುದು. ಹಾಗೆ ಕೊಟ್ಟರೆ ನಿಮ್ಮ 36 ರೂಪಾಯಿ 32.73 ಆಗುತ್ತದೆ. ಕೊಡಲೇಬೇಕಾದರೆ ಮೊದಲ ಆರ್ಡರ್‌ಗೆ ಮಾತ್ರ ಅಂತ ಬರೆದು ಕೊಡಿ, ಇಲ್ಲದಿದ್ದರೆ ಅದೇ ಕಾಯಂ ಬೆಲೆಯಾಗುತ್ತದೆ. ಇಡೀ ಜಿಲ್ಲೆ ಕೇಳಿದರೂ ಹೂಂ ಅನ್ನಬೇಡಿ. ಪಾವಗಡಕ್ಕೋ ಕುಣಿಗಲ್‌ಗೋ ಅವರ ಗಾಡಿ ವಾರಕ್ಕೊಮ್ಮೆಯಾದರೂ ಹೋಗುತ್ತದಾ ಅಂತ ಮೊದಲು ಕೇಳಿ.

ಪತ್ರವನ್ನು ಪೋಸ್ಟ್ ಮಾಡಬೇಡಿ, ಕೈಯಲ್ಲೇ ಕೊಡಿ. ಬೆಳಿಗ್ಗೆ ಗಾಡಿ ಲೋಡ್ ಆಗುವ ಹೊತ್ತು ಬೇಡ, ಮಧ್ಯಾಹ್ನ ಹೋಗಿ. ಜೊತೆಗೆ ಎರಡು ಪ್ಯಾಕೆಟ್ ಒಯ್ಯಿರಿ: ಒಂದು ಆ ವಾರದ್ದು, ಇನ್ನೊಂದು ಎರಡು ತಿಂಗಳು ಹಳೆಯದು. ತಾರೀಕು ತೋರಿಸಿ ಎರಡನ್ನೂ ಅವರ ಎದುರಿಗೇ ಒಡೆಯಿರಿ.

'ಮಾಲು ಇಟ್ಟು ಹೋಗಿ, ಮಾರಿದ ಮೇಲೆ ದುಡ್ಡು' ಅಂದರೆ? ಆಗ ನಷ್ಟದ ಭಯ ಪೂರ್ತಿ ನಿಮ್ಮ ಮೇಲೆ. ನಿಮ್ಮ ಮಾಲು ಗೋಡೌನ್ ಮೂಲೆಗೆ ಬಿದ್ದರೂ ಅವರಿಗೇನೂ ಹೋಗುವುದಿಲ್ಲ, ಹಾಗಾಗಿ ಲೈನ್ ಹುಡುಗನಿಗೆ ಅದನ್ನು ತೋರಿಸು ಅಂತಲೂ ಹೇಳುವುದಿಲ್ಲ. ಹತ್ತರ ಬದಲು ಎರಡೇ ಬಾಕ್ಸ್ ಕೊಡಿ, ಆದರೆ ಅರ್ಧ ದುಡ್ಡು ಕೈಗೆ ತೆಗೆದುಕೊಳ್ಳಿ. ಅದಕ್ಕೂ ಒಪ್ಪದಿದ್ದರೆ ಪಟ್ಟಿಯಲ್ಲಿರುವ ಹನ್ನೊಂದು ಅಂಗಡಿಯವರನ್ನೇ ಕೇಳಿ, ಅವರಿಗೆ ಕುರುಕಲು ತಿಂಡಿ ತಂದುಹಾಕುವ ಬೇರೆ ಡಿಸ್ಟ್ರಿಬ್ಯೂಟರ್ ಯಾರು ಅಂತ.