‘ಅಮ್ಮ’ ಎಂದಾಗ ತುಟಿ ಮುಚ್ಚಬೇಕು: ಸಿನ್‌ಫಿಗ್‌ನಲ್ಲಿ ಬೋನ್, ಬಾಯಿ, ಕನ್ನಡ ಸಂಭಾಷಣೆ

ಮಾತಾಡುವ ಕಾರ್ಟೂನ್ ಪಾತ್ರದ ಕೈ ಸ್ವಲ್ಪ ವಕ್ರವಾಗಿ ಬೀಸಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ‘ಅಮ್ಮ’ ಎಂದಾಗ ತುಟಿ ಮುಚ್ಚದಿದ್ದರೆ ಮಾತ್ರ ಐದು ವರ್ಷದ ಮಗುವಿಗೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಹಾಗಾಗಿ ಪಾತ್ರದ ಅಂಗಗಳನ್ನು ಆಡಿಸುವ ಬೋನ್‌ಗಳ ಜೋಡಣೆಯನ್ನು ಸರಳವಾಗಿಟ್ಟು, ಉಳಿದ ಸಮಯವನ್ನು ಬಾಯಿಗೆ ಕೊಡುವುದು ಲಾಭ. ಇಲ್ಲಿ ಬಳಸಿರುವುದು ಅನಿಮೇಷನ್ ಮಾಡಲು ಸಿನ್‌ಫಿಗ್ ಸ್ಟುಡಿಯೋ ಮತ್ತು ಧ್ವನಿಗೆ ಹೊಂದುವ ಬಾಯಿಯ ಆಕಾರ ಹುಡುಕಲು ರೂಬಾರ್ಬ್ ಲಿಪ್ ಸಿಂಕ್. ಎರಡೂ ಉಚಿತ, ಎರಡೂ ಮುಕ್ತ ತಂತ್ರಾಂಶ. ಪಾತ್ರ ಸೊಂಟದಿಂದ ಮೇಲೆ ಕಾಣುವ ಒಬ್ಬ ಹುಡುಗ. ಅವನ ಮಾತು ‘ಅಮ್ಮ, ಹಾಲು ಬೇಕು’.

ಮೊದಲು ಚಿತ್ರವನ್ನು ತುಂಡು ಮಾಡಿಕೊಳ್ಳಬೇಕು. ಮುಂಡ, ತಲೆ, ಎರಡು ಮೇಲ್ದೋಳು, ಎರಡು ಮುಂಗೈ, ಹೀಗೆ ಆರು ಗ್ರೂಪ್. ಮೊಣಕೈಯಲ್ಲಿ ಎರಡು ತುಂಡುಗಳೂ ಒಂದೇ ಅಳತೆಯ ಅರ್ಧವೃತ್ತದಲ್ಲಿ ಮುಗಿದು, ಆ ವೃತ್ತಗಳ ಕೇಂದ್ರಗಳು ಒಂದರ ಮೇಲೊಂದು ಕೂತಿರಬೇಕು. ನೇರವಾಗಿ ಕತ್ತರಿಸಿದರೆ ಕೈ ಮಡಚಿದೊಡನೆ ಹೊರಬದಿಯಲ್ಲಿ ಬಿರುಕು ಕಾಣುತ್ತದೆ. ಚಿತ್ರಕ್ಕೆ ಹೊರಗೆರೆ ಇದ್ದರೆ ಕೀಲಿನ ನಡುವೆ ಆ ಗೆರೆ ಅಡ್ಡ ಹಾಯುತ್ತದೆ. ಅದೇ ಬಣ್ಣದ, ಗೆರೆಯಿಲ್ಲದ, ಸ್ವಲ್ಪ ಚಿಕ್ಕ ವೃತ್ತವೊಂದನ್ನು ಅದರ ಮೇಲಿಟ್ಟು ಮುಚ್ಚಿದರೆ ಸಾಕು.

ಮುಂದೆ ಹೊಸ ಲೇಯರ್ ಪಟ್ಟಿಯಿಂದ `Skeleton` ಸೇರಿಸಿ. ಅದರಲ್ಲಿ ಒಂದೇ ಬೋನ್ ಇರುತ್ತದೆ; ಅದನ್ನು ಸೊಂಟದಲ್ಲಿಡಿ. ಅದರ ಮೇಲೆ ಬಲ ಕ್ಲಿಕ್ ಮಾಡಿ `Create Child Bone` ಎಂದರೆ ಅದಕ್ಕೆ ಸೇರಿದ ಮರಿ ಬೋನ್ ಬರುತ್ತದೆ. ಸೊಂಟಕ್ಕೆ ಮುಂಡ, ಮುಂಡಕ್ಕೆ ತಲೆ ಮತ್ತು ಎರಡು ಮೇಲ್ದೋಳು, ಮೇಲ್ದೋಳಿಗೆ ಮುಂಗೈ ಎಂದು ಒಟ್ಟು ಏಳು ಬೋನ್ ಆಗುತ್ತವೆ. ಪ್ರತಿ ಬೋನಿನ ಬುಡ ಆಯಾ ಕೀಲಿನ ವೃತ್ತದ ಕೇಂದ್ರದಲ್ಲೇ ಇರಬೇಕು. ಬೋನ್ ಮಾಡಿದ ತಕ್ಷಣ ಹೆಸರಿಡಿ, ಆಮೇಲೆ ಎಡ ಯಾವುದು ಬಲ ಯಾವುದು ಎಂದು ಹುಡುಕುವುದು ತಪ್ಪುತ್ತದೆ. ನಂತರ ಒಂದು ಗ್ರೂಪ್ ಮತ್ತು ಸ್ಕೆಲಿಟನ್ ಲೇಯರನ್ನು `Ctrl` ಒತ್ತಿ ಒಟ್ಟಿಗೆ ಆಯ್ದು, ಗ್ರೂಪಿನ ಹಿಡಿಗಳನ್ನು ಆರಿಸಿಕೊಂಡು, ಅದಕ್ಕೆ ಹೊಂದುವ ಬೋನಿನ ಮೇಲೆ ಬಲ ಕ್ಲಿಕ್ ಮಾಡಿ `Link to Bone` ಕೊಡಬೇಕು. ಆರೂ ಗ್ರೂಪುಗಳಿಗೆ ಇದೇ ಕ್ರಮ.

ಇಲ್ಲಿ ಎರಡು ಎಡವಟ್ಟು ಆಗಾಗ ಕಾಣುತ್ತವೆ. ತೋಳು ಹತ್ತು ಡಿಗ್ರಿ ತಿರುಗಿದರೆ ಮುಂಗೈ ಇಪ್ಪತ್ತು ತಿರುಗಿ ಕಿತ್ತುಕೊಂಡು ಹೋಗುತ್ತಿದ್ದರೆ, ಮುಂಗೈ ಗ್ರೂಪನ್ನು ತೋಳಿನ ಗ್ರೂಪಿನೊಳಗೆ ಇಟ್ಟು ಎರಡನ್ನೂ ಬೋನಿಗೆ ಕಟ್ಟಿದ್ದೀರಿ ಎಂದರ್ಥ. ಚಲನೆ ಎರಡು ಸಲ ಸೇರಿಕೊಳ್ಳುತ್ತಿದೆ. ಬೋನಿಗೆ ಕಟ್ಟುವ ಗ್ರೂಪುಗಳೆಲ್ಲ ಒಂದೇ ಮಟ್ಟದಲ್ಲಿ, ಸ್ಕೆಲಿಟನ್ ಲೇಯರಿನ ಜೊತೆಗೇ ಇರಲಿ. ಎರಡನೆಯದು, ಜೋಡಣೆ ಮುಗಿಯುವವರೆಗೆ ಅನಿಮೇಟ್ ಮೋಡ್ ಆನ್ ಆಗಿರಕೂಡದು. ಆನ್ ಇದ್ದರೆ ನೀವು ಸರಿಪಡಿಸಿದ ಪ್ರತಿ ಸ್ಥಾನವೂ ವೇಪಾಯಿಂಟ್ ಆಗಿ, ಅಂದರೆ ಟೈಮ್‌ಲೈನಿನಲ್ಲಿ ಆ ಕ್ಷಣದ ಗುರುತಾಗಿ, ದಾಖಲಾಗುತ್ತದೆ. ಟೈಮ್‌ಲೈನ್ ಎಳೆದರೆ ಪಾತ್ರ ತಾನಾಗಿಯೇ ತೇಲಾಡುತ್ತದೆ.

ಬಾಯಿಗೆ ಬೋನ್ ಬೇಡ, ಬದಲಿ ಚಿತ್ರಗಳು ಸಾಕು. ರೂಬಾರ್ಬ್ ಬಾಯಿಯ ಆಕಾರಗಳನ್ನು ಅಕ್ಷರಗಳಿಂದ ಕರೆಯುತ್ತದೆ, ನಿಮ್ಮ ಲೇಯರುಗಳಿಗೂ ಅವೇ ಹೆಸರಿಡಿ. `A` ಮುಚ್ಚಿದ ತುಟಿ: ಪ, ಬ, ಭ, ಮ. `B` ಹಲ್ಲು ಕಾಣುವಂತೆ ತುಸುವೇ ತೆರೆದ ಬಾಯಿ: ಇ, ಸ, ಕ, ತ, ಟ. `C` ನಡುಮಟ್ಟಕ್ಕೆ ತೆರೆದದ್ದು: ಅ, ಎ, ಏ. `D` ಪೂರ್ತಿ ತೆರೆದ ಆ. `E` ತುಸು ದುಂಡಗಿನ ಒ. `F` ಮುಂದಕ್ಕೆ ಚಾಚಿದ ಉ, ಊ. `G` ಕೆಳತುಟಿಯ ಮೇಲೆ ಮೇಲಿನ ಹಲ್ಲು, `H` ನಾಲಗೆ ಎತ್ತಿದ ಲ, `X` ಸುಮ್ಮನಿರುವ ಬಾಯಿ. ತ ಮತ್ತು ಟ, ನ ಮತ್ತು ಣ ಇವುಗಳ ವ್ಯತ್ಯಾಸ ಬಾಯೊಳಗಿನದು, ಹೊರಗೆ ಕಾಣುವುದಿಲ್ಲ. ಅವಕ್ಕೆ ಬೇರೆ ಚಿತ್ರ ಬರೆಯುವ ಶ್ರಮ ವ್ಯರ್ಥ. ಹಕಾರಕ್ಕೆ ಸ್ವಂತ ಆಕಾರವೇ ಇಲ್ಲ, ಮುಂದಿನ ಸ್ವರದ ಬಾಯನ್ನೇ ಅದು ಹಾಕಿಕೊಳ್ಳುತ್ತದೆ. ಫ ಮಾತ್ರ ಪದ ನೋಡಿ: ‘ಫಲ’ವನ್ನು ತುಟಿ ಮುಚ್ಚಿ ಹೇಳಿದ್ದರೆ `A`, ‘ಫೋನ್’ ಆದರೆ `G`.

ಒಂಬತ್ತೂ ಲೇಯರುಗಳನ್ನು ಆಯ್ದು ಸ್ವಿಚ್ ಗ್ರೂಪ್ ಮಾಡಿ, ಆ ಸ್ವಿಚ್ಚನ್ನು ತಲೆಯ ಗ್ರೂಪಿನ ಒಳಗಿಡಿ. ಆಗ ತಲೆ ವಾಲಿದಂತೆ ಬಾಯಿಯೂ ವಾಲುತ್ತದೆ, ಬೇರೆ ಬೋನಿಗೆ ಕಟ್ಟಬೇಕಿಲ್ಲ. `Active Layer Name` ಎಂಬಲ್ಲಿ ಬರೆದ ಹೆಸರಿನ ಲೇಯರ್ ಮಾತ್ರ ಕಾಣುತ್ತದೆ. ಬಾಯಿ ಇದ್ದಕ್ಕಿದ್ದಂತೆ ಮಾಯವಾದರೆ ಮೊದಲು ಹೆಸರಿನಲ್ಲೇ ತಪ್ಪು ಹುಡುಕಿ.

ಇನ್ನು ಸಮಯ. ರೂಬಾರ್ಬ್ ಸಾಮಾನ್ಯವಾಗಿ ಇಂಗ್ಲಿಷ್ ಪದಗಳನ್ನು ಗುರುತಿಸಲು ನೋಡುತ್ತದೆ, ಕನ್ನಡ ಕೊಟ್ಟರೆ ದಾರಿ ತಪ್ಪುತ್ತದೆ. ಪದಗಳ ಗೋಜಿಗೆ ಹೋಗದೆ ಧ್ವನಿಯನ್ನಷ್ಟೇ ನೋಡುವ ಇನ್ನೊಂದು ವಿಧಾನ ಅದರಲ್ಲೇ ಇದೆ. ಅದನ್ನು ನಾವೇ ಕೇಳಿ ಪಡೆಯಬೇಕು:

```
rhubarb -r phonetic -o amma.tsv amma.wav
```

ಫಲಿತಾಂಶ ಸೆಕೆಂಡು ಮತ್ತು ಅಕ್ಷರಗಳ ಪಟ್ಟಿ. ನಮ್ಮ ಅನಿಮೇಷನ್ ಸೆಕೆಂಡಿಗೆ 24 ಫ್ರೇಮಿನದು, ಹಾಗಾಗಿ ಸೆಕೆಂಡನ್ನು 24ರಿಂದ ಗುಣಿಸಿದರೆ ಫ್ರೇಮ್ ಸಿಗುತ್ತದೆ: 0.38 ಸೆಕೆಂಡು ಎಂದರೆ 9ನೇ ಫ್ರೇಮ್. ಈ ಪಟ್ಟಿ ಕರಡು ಮಾತ್ರ. ಫ್ಯಾನಿನ ಸದ್ದು ಸೇರಿದ ಧ್ವನಿಯಲ್ಲಿ ಅದು ತುಟಿ ಮುಚ್ಚುವ ಜಾಗವನ್ನೇ ಬಿಟ್ಟುಬಿಡುತ್ತದೆ, ಮತ್ತು ನಮಗೆ ಮುಖ್ಯವಾದದ್ದು ಅದೇ ಜಾಗ.

ಕೈಯಿಂದ ತಿದ್ದಿದ ಮೇಲೆ ನಮ್ಮ ವಾಕ್ಯ ಹೀಗೆ ನಿಲ್ಲುತ್ತದೆ. 6ನೇ ಫ್ರೇಮಿನಲ್ಲಿ ಅ, `C`. 9ರಿಂದ 12ರವರೆಗೆ ಮ್ಮ, `A`. ಇದು ಒತ್ತಕ್ಷರ, ಮುಚ್ಚಿದ ತುಟಿ ನಾಲ್ಕು ಫ್ರೇಮ್ ನಿಲ್ಲಬೇಕು. ಎರಡಕ್ಕೆ ಇಳಿಸಿದರೆ ಕಣ್ಣಿಗೆ ಅದು ‘ಅಮ’ ಆಗುತ್ತದೆ. 13ಕ್ಕೆ ಮತ್ತೆ `C`, 18ಕ್ಕೆ ಅಲ್ಪವಿರಾಮದ `X`. 24ರಿಂದ ಆರು ಫ್ರೇಮ್ ಹಾ, `D`. 30ಕ್ಕೆ ಲ, `H`. 32ಕ್ಕೆ ಉ, `F`. 35ಕ್ಕೆ ಬ, `A`, ಎರಡೇ ಫ್ರೇಮ್. 37ರಿಂದ ಏ, `C`, 42ಕ್ಕೆ ಕ, `B`, 44ಕ್ಕೆ ಉ, `F`, 47ಕ್ಕೆ `X`. ಸಿನ್‌ಫಿಗ್ ಈ 47ನ್ನು `1s 23f` ಎಂದು ತೋರಿಸಬಹುದು, ಗಾಬರಿ ಬೇಡ. ಈಗ ಅನಿಮೇಟ್ ಮೋಡ್ ಆನ್ ಮಾಡಿ, ಒಂದೊಂದು ಫ್ರೇಮಿಗೂ ಹೋಗಿ ಹೆಸರು ಬದಲಿಸುತ್ತ ಬನ್ನಿ.

ಉಕಾರದಲ್ಲಿ ಮುಗಿಯುವ ಪದ ನಮ್ಮಲ್ಲಿ ಬಹಳ. ಬೇಕು, ಹಾಲು, ಬಂದು, ಹೋಗು ಎಲ್ಲಕ್ಕೂ ಪೂರ್ತಿ `F` ಹಾಕಿದರೆ ಪಾತ್ರ ಪದಪದಕ್ಕೂ ಮುತ್ತು ಕೊಟ್ಟ ಹಾಗಿರುತ್ತದೆ. ಆಡುಮಾತಿನಲ್ಲಿ ಕೊನೆಯ ಉ ಅರ್ಧಂಬರ್ಧ. ಧ್ವನಿ ಕೇಳಿ, ಅದು ತೇಲಿಹೋಗಿದ್ದರೆ `B`ಯಿಂದ ನೇರ `X`ಗೆ ಹೋಗಿ. ಹಾಗೆಯೇ ಯಾವ ಆಕಾರವೂ ಎರಡು ಫ್ರೇಮಿಗಿಂತ ಕಡಿಮೆ ನಿಲ್ಲಬಾರದು, ನಿಂತರೆ ಬಾಯಿ ಪಟಪಟಿಸುತ್ತದೆ. ವೇಗದ ಮಾತಿನಲ್ಲಿ ಏನನ್ನಾದರೂ ಬಿಡಲೇಬೇಕಾದರೆ ಕ, ತ, ನಗಳನ್ನು ಬಿಡಿ. ಪ, ಬ, ಮಗಳನ್ನು ಬಿಡಬೇಡಿ.

ಬಾಯಿ ಧ್ವನಿಗಿಂತ ಒಂದೆರಡು ಫ್ರೇಮ್ ಮುಂಚೆ ಬಂದರೆ ಸಹಜವಾಗಿ ಕಾಣುತ್ತದೆ, ಒಂದೇ ಫ್ರೇಮ್ ತಡವಾದರೂ ಡಬ್ಬಿಂಗ್ ಅನ್ನಿಸುತ್ತದೆ. ಅದಕ್ಕಾಗಿ ವೇಪಾಯಿಂಟುಗಳನ್ನೆಲ್ಲ ಸರಿಸುವ ಬದಲು ಸೌಂಡ್ ಲೇಯರಿನ `Delay`ಗೆ `1f` ಕೊಡಿ. ಆಮೇಲೆ ಧ್ವನಿ ಪೂರ್ತಿ ಆಫ್ ಮಾಡಿ, ಮಾತು ಗೊತ್ತಿಲ್ಲದ ಯಾರಿಗಾದರೂ ತೋರಿಸಿ, ತುಟಿ ಎಷ್ಟು ಸಲ ಮುಚ್ಚಿತು ಎಂದು ಕೇಳಿ. ‘ಮ್ಮ’ ಮತ್ತು ‘ಬೇ’ ಎರಡನ್ನೂ ಅವರು ಹಿಡಿದರೆ ಬಾಯಿ ಮುಗಿಯಿತು. ಉಳಿದದ್ದು ತಲೆಯ ಬೋನ್: ಒತ್ತು ಬೀಳುವ ‘ಹಾ’ಗೆ ಎರಡು ಫ್ರೇಮ್ ಮುಂಚೆ, ಅಂದರೆ 22ರಲ್ಲಿ, ಮೂರ್ನಾಲ್ಕು ಡಿಗ್ರಿ ವಾಲಿಸಿ 34ಕ್ಕೆ ವಾಪಸು ತನ್ನಿ.