ಚ್ಯೂಬಾಕಾ ಸತ್ತನೇ, ಬದುಕಿದ್ದಾನೆಯೇ? ಕ್ಯಾನನ್ ಕುರಿತು ಟಿಪ್ಪಣಿ

1999ರಲ್ಲಿ ಬಂದ ‘ವೆಕ್ಟರ್ ಪ್ರೈಮ್’ ಎಂಬ ಸ್ಟಾರ್ ವಾರ್ಸ್ ಕಾದಂಬರಿಯಲ್ಲಿ ನಾಯಕ ಹಾನ್ ಸೋಲೋನ ಜೊತೆಗಾರ ಚ್ಯೂಬಾಕಾ ಸಾಯುತ್ತಾನೆ. ಗ್ರಹವೊಂದರ ಮೇಲೆ ಅದರ ಚಂದ್ರನೇ ಕುಸಿಯುತ್ತಿರುವಾಗ ಹಾನ್ ಸೋಲೋನ ಮಗನನ್ನು ಉಳಿಸಿ ತಾನು ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಆದರೆ 2015ರ ಸಿನಿಮಾದಲ್ಲಿ ಅದೇ ಚ್ಯೂಬಾಕಾ ಹಾನ್ ಪಕ್ಕದಲ್ಲಿ ಆರಾಮವಾಗಿದ್ದಾನೆ. ಕಾದಂಬರಿ ಕದ್ದು ಅಚ್ಚು ಹಾಕಿದ್ದಲ್ಲ, ಈ ಸಿನಿಮಾಗಳನ್ನು ತಯಾರಿಸುವ ಲ್ಯೂಕಸ್‌ಫಿಲ್ಮ್‌ನ ಪರವಾನಗಿ ಪಡೆದೇ ಬಂದದ್ದು. ಆದ್ದರಿಂದ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು: ಅಧಿಕೃತವಾದದ್ದೆಲ್ಲ ಕ್ಯಾನನ್ ಅಲ್ಲ. ಮುಂದಿನ ಕಥೆಗಾರ ನಡೆದದ್ದೆಂದು ಒಪ್ಪಿಕೊಂಡೇ ಬರೆಯಬೇಕಾದ ಸಂಗತಿಗಳಷ್ಟೇ ಕ್ಯಾನನ್. ಕೃತಿ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೊದಲು ಇಲ್ಲಿ ಶ್ರೇಣಿಗಳಿದ್ದವು. ಕಂಪನಿಯ ಲೀಲ್ಯಾಂಡ್ ಚೀ 2000ದಲ್ಲಿ ‘ಹೋಲೊಕ್ರಾನ್’ ಎಂಬ ದತ್ತಸಂಚಯ ಕಟ್ಟಲು ತೊಡಗಿದರು. ಅದರಲ್ಲಿ ಜಾರ್ಜ್ ಲ್ಯೂಕಸ್ ಅವರ ಸಿನಿಮಾಗಳು ಎಲ್ಲಕ್ಕಿಂತ ಮೇಲೆ, ಮುಂದೆ ಟಿವಿ ಸರಣಿ ಅದರ ಕೆಳಗೆ, ಕಾದಂಬರಿ ಮತ್ತು ಕಾಮಿಕ್ಸ್ ಇನ್ನೂ ಕೆಳಗೆ. ಎರಡು ಕೃತಿಗಳ ನಡುವೆ ತಕರಾರು ಬಂದರೆ ಮೇಲಿನದು ಗೆಲ್ಲುತ್ತದೆ, ತಕರಾರಿಲ್ಲದ ಭಾಗ ಹಾಗೆಯೇ ಉಳಿಯುತ್ತದೆ. ಈವನ್ ಪೀಲ್ ಎಂಬ ಜೆಡೈ ಯೋಧನನ್ನು ನೋಡಿ. 2008ರ ಕಾದಂಬರಿಯೊಂದರಲ್ಲಿ ಅವನು ಕ್ಲೋನ್ ಯುದ್ಧ ಮುಗಿದ ಮೇಲೆ ಸಾಯುತ್ತಾನೆ. 2011ರಲ್ಲಿ ‘ದಿ ಕ್ಲೋನ್ ವಾರ್ಸ್’ ಸರಣಿ ಯುದ್ಧದ ನಡುವೆಯೇ ಅವನನ್ನು ಕೊಂದಿತು. ಟಿವಿಯ ಸಾವೇ ನಿಂತಿತು.

2012ರಲ್ಲಿ ಡಿಸ್ನಿ ಕಂಪನಿ ಲ್ಯೂಕಸ್‌ಫಿಲ್ಮ್ ಅನ್ನು ಕೊಂಡಿತು. ಹೊಸ ಸಿನಿಮಾ ಬರೆಯುವವರು ದಶಕಗಳ ಕಾದಂಬರಿಗಳಿಗೆ ಕಟ್ಟುಬಿದ್ದರೆ ಕಥೆ ಅಲುಗಾಡುವುದೇ ಕಷ್ಟ. ಪ್ರೇಕ್ಷಕರಲ್ಲಿ ಹೆಚ್ಚಿನವರು ಅವನ್ನು ಓದಿಯೂ ಇಲ್ಲ. ಹೀಗಾಗಿ 2014ರ ಏಪ್ರಿಲ್‌ನಲ್ಲಿ ಕಂಪನಿ ಗೆರೆ ಎಳೆಯಿತು. ಆರು ಸಿನಿಮಾಗಳು, ‘ದಿ ಕ್ಲೋನ್ ವಾರ್ಸ್’ ಮತ್ತು ಮುಂದೆ ‘ಸ್ಟೋರಿ ಗ್ರೂಪ್’ ತಂಡದ ಉಸ್ತುವಾರಿಯಲ್ಲಿ ಬರುವ ಕಥೆಗಳು ಕ್ಯಾನನ್ ಆದವು. ಹಳೆಯ ಕಾದಂಬರಿಗಳು ‘ಲೆಜೆಂಡ್ಸ್’ ಎಂಬ ಹಣೆಪಟ್ಟಿ ಹೊತ್ತು ಮರುಮುದ್ರಣಗೊಂಡವು. ಮಾರಾಟ ನಿಲ್ಲಿಸಲಿಲ್ಲ, ವ್ಯಾಪಾರಿಯ ಜಾಣತನ ನೋಡಿ!

ಹಲವರು ಎಡವುವುದು ಥ್ರಾನ್ ವಿಷಯದಲ್ಲಿ. 1991ರ ಕಾದಂಬರಿಯಲ್ಲಿ ಹುಟ್ಟಿದ ಈ ಸೇನಾಪತಿ 2016ರಲ್ಲಿ ‘ರೆಬೆಲ್ಸ್’ ಸರಣಿಯ ಮೂಲಕ ಕ್ಯಾನನ್‌ಗೆ ಮರಳಿದ. ಬಂದದ್ದು ಪಾತ್ರ ಮಾತ್ರ. ಆ ಕಾದಂಬರಿಯ ಘಟನೆಗಳು ಹೊರಗೇ ಉಳಿದವು.

ಹೊಸ ನಿಯಮದಲ್ಲಿ ಶ್ರೇಣಿಗಳಿಲ್ಲ, ಸಿನಿಮಾಕ್ಕೂ ಕಾಮಿಕ್ಸ್‌ಗೂ ಒಂದೇ ಬೆಲೆ ಎನ್ನುತ್ತಾರೆ. ನನಗೆ ಇದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಕೇನನ್ ಎಂಬ ಜೆಡೈಯ ಬಾಲ್ಯದ ಹೆಸರು ಕೇಲೆಬ್. 2015ರ ‘ಕೇನನ್’ ಕಾಮಿಕ್ಸ್‌ನಲ್ಲಿ ಬಾಲಕ ಕೇಲೆಬ್‌ನ ಗುರು ಕೊಲೆಯಾಗುವುದು ರಾತ್ರಿ, ಶಿಬಿರದ ಬೆಂಕಿಯ ಬಳಿ. 2021ರ ‘ದಿ ಬ್ಯಾಡ್ ಬ್ಯಾಚ್’ ಸರಣಿ ಅದೇ ಕೊಲೆಯನ್ನು ಹಗಲಿನಲ್ಲಿ, ಹಿಮದ ನಡುವೆ ತೋರಿಸಿತು. ಎರಡೂ ಕ್ಯಾನನ್ ಪಟ್ಟಿಯಲ್ಲೇ ಇವೆ. ಆದರೂ ತೆರೆಗೆ ಬರೆಯುವವರು ಕಾಮಿಕ್ಸ್‌ನ ಮಾತಿಗೆ ಕಟ್ಟುಬೀಳಲಿಲ್ಲ.